ತುರ್ತು ರಜೆ ಬೇಕಾಗಿದೆ: ಅಪ್ಪ ಐಸಿಯುವಿನಲ್ಲಿ

ಸರ್, ನಮಸ್ಕಾರ. ಇಂದು ಬೆಳಗ್ಗೆ 5 ಗಂಟೆಗೆ ಅಪ್ಪನ ಬಲಗೈ ಸೋತು ಮಾತು ತೊದಲತೊಡಗಿತು. ಪಾರ್ಶ್ವವಾಯು ಇರಬಹುದೆಂದು ಬದಿಯಡ್ಕದ ಡಾಕ್ಟರು ಕೂಡಲೇ ಮಂಗಳೂರಿಗೆ ಕಳುಹಿಸಿದರು. ಸ್ಕ್ಯಾನ್ ಆಗಿದೆ, ಐಸಿಯುವಿನಲ್ಲಿ 48 ಗಂಟೆ ನೋಡಬೇಕಂತೆ. ಅಮ್ಮನಿಗೆ ಮೊಣಕಾಲು ನೋವು, ತಮ್ಮ ದುಬೈಯಲ್ಲಿ. ಹಾಗಾಗಿ ಇಂದು ಗುರುವಾರದಿಂದ ಶನಿವಾರದವರೆಗೆ 3 ದಿನ ರಜೆ ಬೇಕಿತ್ತು. ಸಿಎಲ್ 2 ಉಳಿದಿದೆ, ಇನ್ನೊಂದನ್ನು ಇಎಲ್‌ಗೆ ಹಾಕಿದರಾಯಿತು.

ಅಡಿಕೆ ಲೋಡಿನ ಬಿಲ್ಲು ನಿನ್ನೆಯೇ ಮಾಡಿಟ್ಟಿದ್ದೇನೆ. ಇ-ವೇ ಬಿಲ್ ಮಾತ್ರ ಬಾಕಿ; ಅದಿಲ್ಲದೆ ಲಾರಿ ಬಿಡಬೇಡಿ, ದಾರಿಯಲ್ಲಿ ತಡೆದರೆ ದಂಡ. ಲಾರಿ ನಂಬರು ನೀಲಿ ಫೈಲಿನ ಮೇಲಿನ ಹಾಳೆಯಲ್ಲಿದೆ. ಗೋದಾಮಿನ ಬೀಗದ ಕೈ ವಾಚ್‌ಮನ್ ಹತ್ತಿರ ಇದೆ.

ಐಸಿಯು ಒಳಗೆ ಫೋನ್ ಬಿಡುವುದಿಲ್ಲ, ಮೆಸೇಜ್ ಹಾಕಿ. ರಜೆ ಮುಂದುವರಿಸಬೇಕಾದರೆ ಶನಿವಾರ ಸಂಜೆಯೊಳಗೆ ತಿಳಿಸುತ್ತೇನೆ. ಆಸ್ಪತ್ರೆಯ ಚೀಟಿ ಬಂದಾಗ ತರುತ್ತೇನೆ.