ಹೆಲ್ಗಾ ಅಕ್ಕನಿಗೆ, ದಾವಣಗೆರೆಯಿಂದ

ದಾವಣಗೆರೆ
5 ಜನವರಿ 2026

ಪ್ರೀತಿಯ ಹೆಲ್ಗಾ ಅಕ್ಕ,

ನಿಮ್ಮ ಕ್ರಿಸ್‌ಮಸ್ ಕಾರ್ಡಿನ ಫೋಟೊ ತೆಗೆದು ಮಗಳು ವಾಟ್ಸಾಪ್‌ನಲ್ಲಿ ಕಳಿಸಿದಳು. ಮುಂದೆ ಹಿಮ ಬಿದ್ದ ನಿಮ್ಮೂರಿನ ದೊಡ್ಡ ಚರ್ಚು, ಒಳಗೆ ನಿಮ್ಮ ಓರೆ ಅಕ್ಷರ. ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಓದಲು ಬಂದದ್ದು ನನ್ನ ಹೆಸರೊಂದೇ. ಆಮೇಲೆ ಮಗಳು ಫೋನ್ ಮಾಡಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಎರಡು ಸಲ ಹೇಳಿಸಿಕೊಂಡೆ. ‘ನಿನ್ನ ಭಾಷೆಯಲ್ಲೇ ಬರಿ, ಆ ದುಂಡನೆಯ ಅಕ್ಷರ ನೋಡಬೇಕು’ ಅಂದಿದ್ದೀರಲ್ಲ, ಅದಕ್ಕೇ ಈ ಕಾಗದ ಕನ್ನಡದಲ್ಲಿದೆ. ಮಗಳು ಓದಿ ಹೇಳುತ್ತಾಳೆ.

ಮಗಳ ಬಾಣಂತನಕ್ಕೆ ಅಂತ ಜರ್ಮನಿಗೆ ಬಂದವಳು ನಾನು. ಮಗಳ ಮನೆಯಲ್ಲಿ ಇದ್ದದ್ದು ಒಂದೇ ರೂಮು. ಯಾರೂ ಕೇಳದೆಯೇ ನೀವು ಕೆಳಗಿನ ನಿಮ್ಮ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟಿರಿ. ಎರಡು ತಿಂಗಳಲ್ಲಿ ಒಂದು ದಿನವೂ ನಾನು ಹೊರಗಿನವಳು ಅನ್ನಿಸಲಿಲ್ಲ.

ನಮ್ಮ ಕಡೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡ ಇಡುವ ಪದ್ಧತಿ ಇತ್ತು. ಫ್ರೈಬುರ್ಗ್‌ನಲ್ಲಿ ಕೆಂಡ ಎಲ್ಲಿಂದ ತರಲಿ? ಹೊಗೆ ಎದ್ದರೆ ಅಲಾರಾಂ ಕೂಗುತ್ತದೆ ಅಂತ ಅಳಿಯ ಹೇಳಿದ್ದರು. ಮಗಳ ಸೊಂಟಕ್ಕೆ ಶಾಖ ಬೇಕು ಅಂತ ನಿಮಗೆ ಕೈಸನ್ನೆ ಮಾಡಿದೆ. ನೀವು ಒಳಗೆ ಹೋಗಿ ಒಂದು ಪುಟ್ಟ ಬಟ್ಟೆ ದಿಂಬು ತಂದಿರಿ. ಅಲ್ಲಾಡಿಸಿದರೆ ಸರಸರ ಸದ್ದು. ಒಳಗೆಲ್ಲ ಚೆರ್ರಿ ಹಣ್ಣಿನ ಬೀಜ! ಓವನ್ನಿನಲ್ಲಿ ಬಿಸಿ ಮಾಡಿ, ಮೊದಲು ನಿಮ್ಮ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಮಗಳ ಸೊಂಟಕ್ಕೆ ಇಟ್ಟಿರಿ. ನನ್ನ ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಹೀಗೇ ಶಾಖ ಕೊಡುತ್ತಿದ್ದಳು. ಅವಳೂ ಮೊದಲು ತನ್ನ ಕೆನ್ನೆಗೇ ಒತ್ತಿ ನೋಡುತ್ತಿದ್ದಳು. ಅವತ್ತು ನನಗೆ ಅಳು ಬಂದದ್ದು ಅದಕ್ಕೆ ಅಕ್ಕ. ನೀವು ಗಾಬರಿಯಾಗಿ ಕುಡಿಯಲು ನೀರು ತಂದಿರಿ. ಆಗ ಹೇಳಲು ನನ್ನ ಹತ್ತಿರ ಮಾತಿರಲಿಲ್ಲ. ನಿಮ್ಮ ಉಪಕಾರ ನಾನು ಮರೆಯುವುದಿಲ್ಲ.

ಚರ್ಚಿನ ಸುತ್ತಲಿನ ಸಂತೆಗೆ ಹೋಗುವಾಗ, ಬೀದಿಯ ಆ ಸಣ್ಣ ಕಾಲುವೆಗಳಲ್ಲಿ ಕಾಲು ಜಾರದಂತೆ ಕೈ ಹಿಡಿದು ನಡೆಸಿದಿರಿ. ಅದಕ್ಕೂ ಥ್ಯಾಂಕ್ಸ್.

ಕಾರ್ಡಿನ ಮೂಲೆಯಲ್ಲಿ ಮೊಮ್ಮಗಳ ಪಾದದ ಗುರುತು ಒತ್ತಿಸಿದ್ದೀರಿ. ನಮ್ಮ ಮನೆಯವರು ಅದನ್ನೇ ಎಷ್ಟು ಹೊತ್ತು ನೋಡಿದರು ಗೊತ್ತಾ? ಆ ಫೋಟೊವನ್ನು ಪ್ರಿಂಟ್ ಹಾಕಿಸಿ ದೇವರ ಗೂಡಿನ ಪಕ್ಕ ಇಟ್ಟಿದ್ದೇವೆ.

ಮುಂದಿನ ವಾರ ಸಂಕ್ರಾಂತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬುತ್ತಿ ಕಟ್ಟಿಕೊಂಡು ಹರಿಹರದ ಹೊಳೆಗೆ ಹೋಗುತ್ತೇವೆ. ನೀವೂ ಒಂದು ವರ್ಷ ಬನ್ನಿ. ಬಿಸಿಲು ನಿಮಗೆ ಇಷ್ಟ ಅಲ್ವಾ, ಇಲ್ಲಿ ಬೇಕಾದಷ್ಟಿದೆ. ನಿಮ್ಮ ಕೋಣೆ ಆಗಲೇ ಗೊತ್ತು ಮಾಡಿದ್ದೇನೆ, ಬೇವಿನ ಮರದ ಕಡೆಯದು.

ಶೇಂಗಾ ಚಟ್ನಿ ಪುಡಿ ಎಷ್ಟು ದಿನ ಇರುತ್ತದೆ ಅಂತ ಕೇಳಿದ್ದೀರಿ. ಒದ್ದೆ ಚಮಚ ಹಾಕಬೇಡಿ, ಬೇಗ ಮುಗಿಸಿ. ಅಳಿಯನ ತಮ್ಮ ಫೆಬ್ರುವರಿಯಲ್ಲಿ ಬರುತ್ತಾನೆ. ಅವನ ಕೈಯಲ್ಲಿ ಮತ್ತೆ ಕಳಿಸುತ್ತೇನೆ, ಈ ಸಲ ಖಾರ ಕಡಿಮೆ.

ನಿಮ್ಮ ತಂಗಿ,
ಗಿರಿಜಾ