203ನೇ ರೂಮಿನ ಟೀಪಾಯಿ ಗಾಜು ಒಡೆದಿರುವ ಬಗ್ಗೆ

ನಮಸ್ಕಾರ ಸರ್,

ನೀವು ಶನಿವಾರ ಬೆಳಗಿನ ಜಾವ ರೂಮ್ ಖಾಲಿ ಮಾಡಿ ಹೋದ ಮೇಲೆ, 9 ಗಂಟೆಗೆ ನಮ್ಮ ಹುಡುಗ ಕ್ಲೀನ್ ಮಾಡಲು ಹೋದಾಗ ಟೀಪಾಯಿಯ ಮೇಲಿನ ಗಾಜು ಒಡೆದಿರುವುದು ಕಂಡಿತು. ಮೊದಲು ಒಂದು ಮಾತು ಕೇಳುತ್ತೇನೆ, ನಿಮ್ಮಲ್ಲಿ ಯಾರಿಗೂ ಗಾಯ ಆಗಿಲ್ಲ ಅಲ್ವಾ? ಮಗು ಬೇರೆ ಜೊತೆಯಲ್ಲಿತ್ತು.

ಇದರ ಜೊತೆ 4 ಫೋಟೋ ಕಳಿಸಿದ್ದೇನೆ. ಮೊದಲನೆಯದು ಗುರುವಾರ ಮಧ್ಯಾಹ್ನ 12:10ಕ್ಕೆ, ನಿಮಗೆ ಕೀ ಕೊಡುವ ಮುಂಚೆ ತೆಗೆದದ್ದು. ಅದರಲ್ಲಿ ಗಾಜು ಸರಿಯಾಗಿದೆ, ಎಡಗಡೆ ಮೂಲೆಯಲ್ಲಿ ಒಂದು ಗೀರು ಬಿಟ್ಟರೆ. ಆ ಗೀರು ಹಳೆಯದು, ಅದಕ್ಕೂ ನಿಮಗೂ ಸಂಬಂಧ ಇಲ್ಲ. ಉಳಿದ ಮೂರು ಶನಿವಾರ 9:05ಕ್ಕೆ ತೆಗೆದವು.

ಟಫನ್ಡ್ ಗ್ಲಾಸ್ ಆಗಿದ್ದರೆ ನಾನು ಈ ಪತ್ರ ಬರೆಯಲು ಹಿಂದೆಮುಂದೆ ನೋಡುತ್ತಿದ್ದೆ, ಯಾಕಂದ್ರೆ ಅದು ಅಪರೂಪಕ್ಕೆ ಯಾರೂ ಮುಟ್ಟದೆಯೂ ಒಡೆಯುತ್ತದೆ, ಒಡೆದರೆ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಇದು ಸಾದಾ ಗಾಜು. ಬಲಗಡೆ ಅಂಚಿನ ಹತ್ತಿರ ಒಂದೇ ಜಾಗದಿಂದ ಬಿರುಕು ಸುತ್ತಲೂ ಹರಡಿದೆ, ಮೂರನೇ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಏನೋ ಭಾರದ್ದು ಬಿದ್ದಿರಬೇಕು. ಬೇಕಂತಲೇ ಆಗಿದೆ ಅಂತ ನಾನು ಖಂಡಿತ ಹೇಳುತ್ತಿಲ್ಲ, ಕತ್ತಲಲ್ಲಿ ಬ್ಯಾಗು ಎತ್ತುವಾಗ ಯಾರ ಕೈಯಲ್ಲಾದರೂ ಆಗುವಂಥದ್ದೇ ಇದು.

ಹೊಸ ಗಾಜಿಗೆ, ಕಟಿಂಗ್ ಮತ್ತು ಅಂಚು ಪಾಲಿಶ್ ಸೇರಿ, 2,400 ರೂಪಾಯಿ ಆಯಿತು. ಬಿಲ್ ಕಳಿಸಿದ್ದೇನೆ. ಆದರೆ ಒಡೆದದ್ದು ಮೂರು ವರ್ಷ ಬಳಸಿದ ಗಾಜು, ಹೊಸದರ ಪೂರ್ತಿ ದುಡ್ಡು ನಿಮ್ಮಿಂದ ತೆಗೆದುಕೊಳ್ಳುವುದು ಸರಿ ಅಲ್ಲ. ಹಾಗಾಗಿ ಅರ್ಧ ಮಾತ್ರ, 1,200. ಅವತ್ತು ರೂಮ್ ಕೊಡಲಾಗದೆ ಖಾಲಿ ಇಟ್ಟದ್ದು, ಕೂರಿಸಿದ ಕೂಲಿ, ಇದ್ಯಾವುದನ್ನೂ ಸೇರಿಸಿಲ್ಲ. ನೀವು ಕಟ್ಟಿದ್ದ 3,000 ಡೆಪಾಸಿಟ್‌ನಲ್ಲಿ 1,800 ಇವತ್ತೇ ನಿಮ್ಮ ಖಾತೆಗೆ ಹಾಕಿದ್ದೇವೆ.

ನಮ್ಮ ಕಡೆಯದೂ ಒಂದು ತಪ್ಪಿದೆ. ಹೊರಡುವಾಗ ನಿಮ್ಮ ಎದುರೇ ರೂಮ್ ನೋಡಬೇಕಿತ್ತು. ನಿಮಗೆ ಬಸ್ಸಿಗೆ ಹೊತ್ತಾಗಿತ್ತು, 5:30ಕ್ಕೆ ಕೌಂಟರಿನಲ್ಲಿದ್ದವರು ಕೀ ಇಸಕೊಂಡು ಕಳಿಸಿಬಿಟ್ಟರು. ಆಮೇಲೆ 9 ಗಂಟೆವರೆಗೆ ರೂಮಿಗೆ ಬೀಗ ಹಾಕಿತ್ತು, ಕಾರಿಡಾರ್ ಕ್ಯಾಮೆರಾದಲ್ಲಿ ಯಾರೂ ಒಳಗೆ ಹೋದದ್ದು ಕಾಣುವುದಿಲ್ಲ. ಆದರೂ ನೀವು ಇಲ್ಲಿರುವಾಗಲೇ ಕೇಳಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು, ಅದಕ್ಕೆ ಕ್ಷಮೆ ಇರಲಿ.

ನೀವು ಬರುವಾಗಲೇ ಬಿರುಕು ಇತ್ತು ಅಂತ ಅನ್ನಿಸಿದರೆ, ಅಥವಾ ಬೇರೆ ಏನಾದರೂ ನಡೆದಿದ್ದರೆ, 7 ದಿನದೊಳಗೆ ಇದೇ ಮೆಸೇಜಿಗೆ ಉತ್ತರ ಬರೆಯಿರಿ. ಒಳಗೆ ತೆಗೆದ ಫೋಟೋ ನಿಮ್ಮ ಹತ್ತಿರ ಇದ್ದರೆ ಅದನ್ನೂ ಕಳಿಸಿ. ಅಲ್ಲಿಯವರೆಗೆ 1,200 ಹಾಗೇ ಇಟ್ಟಿರುತ್ತೇವೆ, ಒಡೆದ ಗಾಜನ್ನೂ ಬಿಸಾಡುವುದಿಲ್ಲ. ನಿಮ್ಮ ಮಾತು ಸರಿ ಅಂತ ಕಂಡರೆ ಪೂರ್ತಿ ದುಡ್ಡು ವಾಪಸ್ ಬರುತ್ತದೆ.

ಇಂತಿ,
ಮ್ಯಾನೇಜರ್