ನಮ್ಮ ಬಗ್ಗೆ

ನಾವು ಹಾವೇರಿ ಜಿಲ್ಲೆಯ ಬ್ಯಾಡಗಿಯವರು. ಅತ್ತೆ, ಸೊಸೆ ಇಬ್ಬರೂ ಸೇರಿ ಮನೆಯಲ್ಲೇ ಖಾರದ ಪುಡಿ ಮಾಡಿ ಮಾರುತ್ತೇವೆ. ಮಾವನವರು 22 ವರ್ಷ ಇಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ. ಒಳಗೆ ಬೀಜ ಗಲಗಲ ಅಂದರೆ ಮಾತ್ರ ಚೀಲಕ್ಕೆ ಕೈ ಹಾಕುತ್ತಾರೆ. ಖರೀದಿ ಇವತ್ತಿಗೂ ಅವರದೇ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಬಣ್ಣ ಕಡುಗೆಂಪು, ಖಾರ ಕಡಿಮೆ. ನಾಲಗೆ ಸುಡುವಂಥ ಖಾರ ಬೇಕೆಂದರೆ ನಮ್ಮ ಪುಡಿ ನಿಮಗೆ ಸಾಲದು, ಇದನ್ನು ಮೊದಲೇ ಹೇಳುತ್ತೇವೆ. ಸಾರು, ಎಣಗಾಯಿ, ಉಪ್ಪಿನಕಾಯಿಗೆ ಬಣ್ಣ ಬರಬೇಕೆಂದರೆ ಇದಕ್ಕಿಂತ ಒಳ್ಳೆಯದು ನಮಗೆ ಗೊತ್ತಿಲ್ಲ.

ತೊಟ್ಟು ಬಿಡಿಸಿ, ಮಾಳಿಗೆ ಮೇಲೆ ಮತ್ತೆ ಎರಡು ದಿನ ಒಣಗಿಸಿ, ಓಣಿಯ ಗಿರಣಿಯಲ್ಲಿ ಬೀಸಿಸುತ್ತೇವೆ. ಬಣ್ಣ ಇಲ್ಲ, ಎಣ್ಣೆ ಇಲ್ಲ, ಉಪ್ಪೂ ಇಲ್ಲ. ಬೀಸಿಸಿದ ತಾರೀಖನ್ನು ಪ್ರತಿ ಪಾಕೀಟಿನ ಮೇಲೆ ಕೈಯಿಂದ ಬರೆಯುತ್ತೇವೆ.

ಮೊದಲ ವರ್ಷ ಮಳೆಗಾಲದಲ್ಲಿ ಅವಸರ ಮಾಡಿದೆವು. ಕಾಯಿ ಸರಿಯಾಗಿ ಒಣಗಿರಲಿಲ್ಲ, 9 ಮನೆಗಳಿಗೆ ಹೋದ ಪುಡಿ ಗಂಟು ಕಟ್ಟಿತು. ಒಬ್ಬ ಅಕ್ಕ ಫೋಟೋ ಕಳಿಸಿದಾಗ ಇಬ್ಬರಿಗೂ ಅಂದು ಊಟ ಸೇರಲಿಲ್ಲ. ಒಂಬತ್ತೂ ಮನೆಗೆ ಹಣ ವಾಪಸ್ ಕೊಟ್ಟೆವು. ಅಂದಿನಿಂದ ಮೋಡ ಇದ್ದರೆ ಬೀಸಿಸುವುದಿಲ್ಲ. ನಿಮ್ಮ ಆರ್ಡರ್ ನಾಲ್ಕು ದಿನ ತಡವಾದರೂ ಸರಿ, ಫೋನ್ ಮಾಡಿ ತಿಳಿಸುತ್ತೇವೆ.

ಮೊದಲ ಸಲ ತಗೊಳ್ಳುವವರು 100 ಗ್ರಾಂ ಪಾಕೀಟು ತರಿಸಿ ನೋಡಿ. ಹಿಡಿಸದಿದ್ದರೆ ತಿಳಿಸಿ, ಪೂರ್ತಿ ಹಣ ವಾಪಸ್. ಉಳಿದ ಪುಡಿ ಕಳಿಸಬೇಕಿಲ್ಲ.